ಅದೇ ಪ್ರಸಂಗ, ಎರಡು ಕ್ಯಾಸೆಟ್

ತಮ್ಮನ ಮಾತು ಹೋಗುತ್ತಿದ್ದುದನ್ನು ನಾವು ತಿಂಗಳುಗಟ್ಟಲೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟೆವು. ಹಿಡಿದದ್ದನ್ನು ಮರುದಿನ ಕೂತು ಕೇಳಿದೆವು. ಆದರೂ ನಮಗೆ ಅದು ಕೇಳಿಸಲಿಲ್ಲ. ಅವನು ಹೋಗಿ ವರ್ಷಗಳಾದರೂ ನನ್ನ ತಲೆಗೆ ಹತ್ತದೆ ಉಳಿದಿರುವುದು ಇದೊಂದೇ. ಮೊದಲೇ ಬಂದಿದ್ದರೂ ಬೇರೇನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಅಂದೇ ಹೇಳಿದ್ದರು. ಹಾಗಾಗಿ ಇದು ತಪ್ಪು ಯಾರದೆಂದು ಹುಡುಕುವ ಬರಹವಲ್ಲ. ಕಿವಿ ಇಟ್ಟು ಕೇಳುತ್ತಿದ್ದ ಮನೆಯಲ್ಲೇ ಹೀಗಾಯಿತಲ್ಲ ಎಂಬ ದಿಗಿಲು ಇನ್ನೂ ಇಳಿದಿಲ್ಲ, ಅಷ್ಟೇ.

ನಾವು ಗದಗದ ಕಡೆಯವರು. ಅಪ್ಪ ಅರಿವೆ ವ್ಯಾಪಾರಿಯೊಬ್ಬರ ಗುಮಾಸ್ತರಾಗಿ ಪುಣೆಗೆ ಬಂದಾಗ ನನ್ನ ಮ್ಯಾಟ್ರಿಕ್ ಮುಗಿದಿತ್ತು, ತಮ್ಮ ಹೈಸ್ಕೂಲಿನಲ್ಲಿದ್ದ. ಪೇಟೆಯಲ್ಲಿ ಹಲವು ಬಿಡಾರಗಳಿದ್ದ ಹಳೇ ವಾಡೆಯೊಂದರಲ್ಲಿ ಎರಡು ಖೋಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು, ತಮ್ಮ ಮೂವರೇ ಅಲ್ಲಿ ಉಳಿದೆವು. ಸೀರೆಗೆ ಫಾಲ್ ಹಚ್ಚಿ ಪಿಕೊ ಮಾಡಿಕೊಡುವುದು ನನ್ನ ಕೆಲಸ. ತಮ್ಮ ಸ್ಕೂಟರಿನ ಬಿಡಿಭಾಗ ಮಾರುವ ಅಂಗಡಿಯೊಂದರ ಗೋದಾಮಿನಲ್ಲಿದ್ದ. ಯಾವ ಡಬ್ಬಿಯಲ್ಲಿ ಯಾವ ಗಾಡಿಯ ಬ್ರೇಕ್ ಶೂ ಇದೆ, ಯಾವ ಮಾಡೆಲ್ಲಿಗೆ ಯಾವ ಕೇಬಲ್ ಎಂಬುದೆಲ್ಲ ಅವನಿಗೆ ಬಾಯಿಪಾಠ. ಆದರೆ ಆ ಬಾಯಿ ಯಾರೆದುರಿಗೂ ತೆರೆಯುತ್ತಿರಲಿಲ್ಲ. ಗಿರಾಕಿ ಬಂದರೆ ಡಬ್ಬಿ ತಂದು ಕೌಂಟರಿನ ಮೇಲಿಟ್ಟು ಒಳಗೆ ಹೋಗಿಬಿಡುವವನು.

ಎರಡು ಸಾವಿರದ ನಂತರದ ಮೊದಲ ವರ್ಷಗಳು ಅವು. ಹಿಂಜವಾಡಿ ಕಡೆ ಕಂಪನಿಗಳು ಏಳುತ್ತಿದ್ದವು, ಅತ್ತ ಹೋಗುವ ರಸ್ತೆಯಲ್ಲಿ ಅಂಗಡಿಯ ಮಾಲಕರು ದೊಡ್ಡ ಶೋರೂಮ್ ಕಟ್ಟಿಸತೊಡಗಿದರು. ಹಳೇ ಗೋದಾಮು ಮುಚ್ಚುವುದೆಂದು ಗೊತ್ತಾಯಿತು. ತಮ್ಮನನ್ನು ಕರೆದು ಮಾಲಕರು ನೇರವಾಗಿ ಹೇಳಿದರಂತೆ: ಹೊಸ ಜಾಗದಲ್ಲಿ ಡಬ್ಬಿ ಎತ್ತಿಡುವವರು ಬೇಕಾಗಿಲ್ಲ, ಬಿಡಿಭಾಗದ ಕೌಂಟರಿನಲ್ಲಿ ನಿಂತು ಮಾತಾಡುವವನು ಬೇಕು. ಸಂಕ್ರಾಂತಿಯಾದ ಮೇಲೆ ನಾನೇ ಗಿರಾಕಿಯಾಗಿ ನಿನ್ನೆದುರು ಕೂಡುತ್ತೇನೆ. ಮಾತಾಡಿ ತೋರಿಸಿದರೆ ಜಾಗ ನಿನ್ನದು. ಇಲ್ಲದಿದ್ದರೆ ನೀನು ಬೇರೆ ಕಡೆ ನೋಡಿಕೋ.

ಮನೆಗೆ ಬಂದು ಇಷ್ಟನ್ನು ಹೇಳಿ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಒಲೆಯ ಮುಂದಿನಿಂದಲೇ ಅಂದಳು, "ಏಳೋ, ಮಾತಾಡಾಕ ಏನು ರೊಕ್ಕ ಬೀಳ್ತದೇನು? ಬಾಯಿ ಅದ, ನಾಲಗಿ ಅದ. ಇನ್ನೇನು ಬೇಕು?"

ಇನ್ನೇನೂ ಬೇಕಾಗಿಲ್ಲ ಎಂದೇ ನಾವೂ ತಿಳಿದಿದ್ದೆವು.

ನನ್ನ ಹತ್ತಿರ ಸೀರೆ ಕೊಡಲು ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಂಜೆ ಹೊತ್ತು ಹತ್ತಿರದ ಶಾಲೆಯ ಒಂದು ಕೋಣೆಯಲ್ಲಿ ಮಾತಾಡುವುದನ್ನು ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮರಾಠಿ ರೂಢಿಯಂತೆ ಬಾಯಿ ಎನ್ನುತ್ತಿದ್ದರು. ಗಣಪತಿ ಮುಳುಗಿದ ಮಾರನೇ ವಾರ ತಮ್ಮನನ್ನು ನಾನೇ ಕರೆದುಕೊಂಡು ಹೋದೆ. ಚಿಕ್ಕ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ದೊಡ್ಡವರೆಲ್ಲ ಕೂತಿದ್ದರು. ಒಬ್ಬ ಔಷಧದ ಅಂಗಡಿಯವ, ಹೊಸದಾಗಿ ವಿಮೆ ಮಾರಲು ಹೊರಟ ಒಬ್ಬಾಕೆ, ಬ್ಯಾಂಕಿನ ಒಬ್ಬ ಜವಾನ.

ಬಾಯಿಯ ಕ್ರಮ ಸರಳವಾಗಿತ್ತು. ಮಾತುಗಳನ್ನು ಬರೆದು ಉರು ಹೊಡೆಯಬಾರದು. ಎದುರಿನವನು ನಿಮ್ಮ ಉರು ಕೇಳಿಕೊಂಡು ಬಂದಿರುವುದಿಲ್ಲ. ಒಂದು ಪ್ರಸಂಗ ಆರಿಸಿಕೊಳ್ಳಬೇಕು, ಅದರಲ್ಲಿ ತನಗೆ ಕೊನೆಗೆ ಏನಾಗಬೇಕು ಎಂಬುದನ್ನು ತಿಳಿದಿರಬೇಕು, ಮೊದಲ ವಾಕ್ಯ ಮಾತ್ರ ಗಟ್ಟಿ ಮಾಡಿಕೊಳ್ಳಬೇಕು. ಜೊತೆಗಾರರು ಗಿರಾಕಿಯ ಪಾತ್ರ ಮಾಡಬೇಕು, ಸುಲಭಕ್ಕೆ ಬಿಟ್ಟುಕೊಡಬಾರದು. ಟೇಪ್ ಓಡುತ್ತಿರಬೇಕು. ಕೇಳುವುದು ಅಂದೇ ಅಲ್ಲ, ಮರುದಿನ. ಅಂದೇ ಕೇಳಿದರೆ ಮನಸ್ಸಿನಲ್ಲಿರುವುದೇ ಕಿವಿಗೆ ಬೀಳುತ್ತದೆ. ಮೊದಲ ಸಲ ಎಲ್ಲೂ ನಿಲ್ಲಿಸದೆ ಕೇಳಬೇಕು. ಎರಡನೇ ಸಲ ಎದುರಿನವರು ಎಲ್ಲೆಲ್ಲಿ "ಕಾಯ?", ಏನು, ಎಂದು ಕೇಳಿದರು, ಅಂದರೆ ಎಲ್ಲಿ ಮಾತು ತಲುಪಲಿಲ್ಲ ಎಂದು ಗುರುತಿಸಬೇಕು. ಮೂರನೇ ಸಲ ಕೇಳಿ ತಿದ್ದಬೇಕಾದದ್ದು ಒಂದನ್ನು ಮಾತ್ರ ಆರಿಸಬೇಕು. ಐದಾರು ಹಿಡಿದರೆ ಯಾವುದನ್ನೂ ತಿದ್ದಲಾಗದು.

"ಇನ್ನೊಂದು ಮಾತು," ಎಂದು ಬಾಯಿ ನನ್ನ ಕಡೆ ತಿರುಗಿದರು. "ಕೇಳುವವರು ಸಮಾಧಾನ ಹೇಳಬಾರದು. ಅಕ್ಕನಾಗಿ ಕೇಳಬೇಡ. ಕಿವಿಗೆ ಏನು ಬಿತ್ತೋ ಅಷ್ಟೇ ಹೇಳು."

ಮೊದಲ ಪ್ರಸಂಗವನ್ನು ಮನೆಮಾತಿನಲ್ಲೇ ಮಾಡಬೇಕೆಂದರು. ಭಾಷೆಯ ಅಂಜಿಕೆ ಬೇರೆ, ಮಾತಿನ ಅಂಜಿಕೆ ಬೇರೆ. ಎರಡನ್ನೂ ಒಟ್ಟಿಗೆ ಹೊರಬೇಡ ಎಂದು ಅವರ ಲೆಕ್ಕ. ನಮ್ಮಲ್ಲಿ ಅಪ್ಪನ ಕಾಲದ ಟೇಪ್ ರಿಕಾರ್ಡರ್ ಇತ್ತು. ಭಾನುವಾರ ಬೆಳಗ್ಗೆ ಅದನ್ನು ಇಬ್ಬರ ನಡುವೆ ಹೊಲಿಗೆ ಮಷಿನ್ನಿನ ಹಲಗೆಯ ಮೇಲಿಟ್ಟು, ಮಷಿನ್ನನ್ನೇ ಕೌಂಟರ್ ಮಾಡಿಕೊಂಡು ಕೂತೆವು. ಪ್ರಸಂಗ ಇದು: ಅಂಗಡಿಯವರು ತಪ್ಪು ಕ್ಲಚ್ ಕೇಬಲ್ ಕೊಟ್ಟಿದ್ದಾರೆ, ಗಿರಾಕಿ ಸಿಟ್ಟಿನಿಂದ ವಾಪಸು ಬಂದಿದ್ದಾನೆ. ಗಿರಾಕಿ ನಾನು.

"ಏನ್ರೀ, ಕಣ್ಣು ಮುಚ್ಚಿ ಸಾಮಾನು ಕೊಡ್ತೀರೇನು ನೀವು? ಈ ಕೇಬಲ್ ನನ್ನ ಗಾಡಿಗೆ ಕೂಡಂಗಿಲ್ಲ!"

"ಕೂಡ್ರಿ... ಅಲ್ಲ, ನಿಂದರ್ರಿ, ನೋಡ್ತೀನಿ."

"ಕೂಡ್ಲೋ, ನಿಂದರ್ಲೋ? ಒಂದು ಹೇಳ್ರಿ."

"ಅಕ್ಕಾ, ನಗಸಬ್ಯಾಡ."

"ಗಿರಾಕಿಗೆ ಅಕ್ಕಾ ಅಂತಾರೇನೋ?"

"ಹೆಣಮಕ್ಕಳು ಗಿರಾಕಿ ಇದ್ರ ಅಂತಾರ. ಮುಂದ ಹೇಳು."

ಒಳಗಿನಿಂದ ಅವ್ವ, "ಆ ಗಿರಾಕಿಗೆ ಒಂದು ಕಪ್ಪು ಚಾ ಕೊಡಲೇನು? ಭಾಳ ಒದರ್ಲಿಕತ್ತಾಳ," ಎಂದಳು. ಅದೂ ಟೇಪಿಗೆ ಬಿತ್ತು.

ಮರುದಿನ ಕೇಳಿದಾಗ ತಮ್ಮ ಕಿವಿ ಮುಚ್ಚಿಕೊಂಡ. "ಇದು ನಾನಲ್ಲ. ಯಾವನೋ ಮೂಗಿನಾಗ ಮಾತಾಡ್ಲಿಕತ್ತಾನ." ನನಗೂ ನನ್ನ ಧ್ವನಿ ಯಾರದೋ ಜಗಳಗಂಟಿಯದು ಅನ್ನಿಸಿತ್ತು. ಎಲ್ಲರಿಗೂ ಮೊದಲಿಗೆ ಹಾಗೇ ಆಗುತ್ತದೆ, ನಮ್ಮ ಧ್ವನಿ ನಮಗೆ ಒಳಗಿನಿಂದ, ತಲೆಯ ಎಲುಬಿನ ಮೂಲಕವೂ ಕೇಳುತ್ತಿರುತ್ತದೆ, ಊರಿಗೆಲ್ಲ ಕೇಳುವುದು ಟೇಪಿನಲ್ಲಿರುವುದೇ ಎಂದು ಬಾಯಿ ಹೇಳಿದರು. ಆ ಮೊದಲ ಕ್ಯಾಸೆಟ್ಟಿನ ಬೆನ್ನಿಗಿದ್ದ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಅವರೇ ಮುರಿದುಕೊಟ್ಟರು. ಆಮೇಲೆ ಅದರ ಮೇಲೆ ಬೇರೆ ತುಂಬಲು ಬರುವುದಿಲ್ಲ. ಎಷ್ಟು ದೂರ ಬಂದಿದ್ದೀರಿ ಎಂದು ತಿಳಿಯಲು ಹೊರಟ ಜಾಗ ಉಳಿದಿರಬೇಕು ಎಂದರು.

ಆ ಮೇಲೆ ಮರಾಠಿ, ನಡುನಡುವೆ ಇಂಗ್ಲಿಷ್. ತಮ್ಮ ಸುಧಾರಿಸಿದ. ಇದು ನನ್ನ ಪ್ರೀತಿಯ ಮಾತಲ್ಲ, ಟೇಪಿನಲ್ಲಿ ಕೇಳಿದ ಮಾತು. ಮೊದಲು ಗಿರಾಕಿಯ ಸಿಟ್ಟಿನ ನಡುವೆ ನುಗ್ಗಿ ಕೇಬಲ್ಲಿನ ನಂಬರು ಹೇಳುತ್ತಿದ್ದವನು ಈಗ ಪೂರ್ತಿ ಹೇಳಿಸಿಕೊಂಡು, "ನಿಮಗೆ ಎರಡನೇ ಸಲ ಬರುವ ತ್ರಾಸಾಯಿತು" ಎಂದು ಶುರು ಮಾಡುತ್ತಿದ್ದ. ತಲೆ ಎತ್ತಿ ಮಾತಾಡುತ್ತಿದ್ದ. ಅಂಗಡಿಯಲ್ಲೂ ಒಮ್ಮೊಮ್ಮೆ ಕೌಂಟರಿಗೆ ತಾನಾಗಿಯೇ ಹೋಗಿ ನಿಲ್ಲತೊಡಗಿದ.

ಆದರೆ ದೀಪಾವಳಿಯ ಸುಮಾರಿಗೆ "ಕಾಯ?"ಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಕ್ಲಾಸಿನಲ್ಲಿ ಔಷಧದ ಅಂಗಡಿಯವನು ಗಿರಾಕಿಯಾದಾಗ ಮತ್ತೆ ಮತ್ತೆ ಕೇಳಬೇಕಾಗುತ್ತಿತ್ತು. ಬಾಯಿ ಅದನ್ನು ಗುರುತಿಸಿದ್ದರು, ಕಾರಣವನ್ನೂ ಕೊಟ್ಟಿದ್ದರು. "ನಿಮ್ಮದು ಕಾನಡಿ ನಾಲಗೆ. ಮರಾಠಿ ವೇಗವಾಗಿ ಆಡಲು ಹೋದರೆ ಅಕ್ಷರ ಒಂದರ ಮೇಲೊಂದು ಬೀಳುತ್ತವೆ. ನಿಧಾನ." ಅವನು ನಿಧಾನ ಮಾಡಿದ. ನಿಧಾನವೂ ಸಾಲಲಿಲ್ಲ.

ಮನೆಯಲ್ಲಿ ಅವ್ವನಿಗೆ ತನ್ನದೇ ಲೆಕ್ಕವಿತ್ತು. ಅವಳೊಡನೆ ಅವನಾಡುವುದು ಕನ್ನಡವೇ, ಅದೂ ಮೊದಲಿನ ಹಾಗೆ ಇರಲಿಲ್ಲ. ಅವಳಿಗೆ ಅದು ಕೇಳಿಸಿತ್ತು. "ಇಂಗ್ಲಿಷಿನವರ್ಹಂಗ ಬಾಯಾಗ ಬೆಲ್ಲ ಇಟ್ಕೊಂಡು ಮಾತಾಡ್ತೀಯಲ್ಲೋ! ಕ್ಲಾಸಿಗೆ ಹೋಗಿ ಮನಿ ಮಾತು ಮರ್ತಿ?"

"ಸಾಹೇಬ ಆಗೇನವ್ವ," ಎಂದು ಅವನು ನಕ್ಕ. ಆ ನಗುವೂ ಸ್ವಲ್ಪ ದಪ್ಪಗಿತ್ತು ಎಂದು ಈಗ ನೆನಪಾಗುತ್ತದೆ. ನೆನಪು ಈಗ ಸೇರಿಸಿದ್ದೋ ಏನೋ ಗೊತ್ತಿಲ್ಲ.

ಹೀಗೆ ಮರಾಠಿಯವರು ಅದಕ್ಕೆ ಕನ್ನಡವನ್ನು ಹೊಣೆ ಮಾಡಿದರು, ಕನ್ನಡದ ನಾವು ಮರಾಠಿ ಇಂಗ್ಲಿಷನ್ನು ಹೊಣೆ ಮಾಡಿದೆವು. ಎರಡು ಭಾಷೆಯ ನಡುವೆ ಬದುಕುವ ಮನೆಗಳಲ್ಲಿ ಇದು ದಿನದ ಮಾತು. ಬಾಯಿತಪ್ಪಿದರೆ ಆಚೆಯ ಭಾಷೆ ಕಾರಣ. ಯಾರೂ ಯೋಚಿಸುವುದಿಲ್ಲ. ಊಟದಲ್ಲಿ ನೀರು ಕುಡಿಯುವಾಗ ಅವನಿಗೆ ನೆತ್ತಿಗೆ ಹತ್ತತೊಡಗಿತ್ತು. ಅವ್ವ ತಲೆ ತಟ್ಟಿ, "ಯಾರೋ ನೆನಸ್ಲಿಕತ್ತಾರ," ಎನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಬಾಯಿ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ಮೊಟ್ಟಮೊದಲ ಪ್ರಸಂಗವನ್ನು ಮತ್ತೆ ಮಾಡಿ. ಅದೇ ಭಾಷೆ, ಅದೇ ಜೊತೆಗಾರರು, ಅದೇ ಜಾಗ. ಆಮೇಲೆ ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿ. ನಿಮಗೇ ಖುಷಿಯಾಗುತ್ತದೆ ಎಂದರು.

ನಾವು ಮತ್ತೆ ಮಷಿನ್ನಿನ ಆಚೀಚೆ ಕೂತೆವು. ತಪ್ಪು ಕೇಬಲ್, ಸಿಟ್ಟಿನ ಗಿರಾಕಿ. ಈ ಸಲ ಅವನು ನಗಲಿಲ್ಲ, ಎಲ್ಲಿಯೂ ಕೈಬಿಡಲಿಲ್ಲ. ನನ್ನ ಸಿಟ್ಟನ್ನು ಕೊನೆತನಕ ಕೇಳಿದ, ಗಾಡಿಯ ಮಾಡೆಲ್ ವಿಚಾರಿಸಿದ, ಬದಲಿ ಕೇಬಲ್ ಹಿಡಿದು ನನ್ನೆದುರೇ ಹಳೆಯದರ ಪಕ್ಕ ಇಟ್ಟು ಅಳೆದ ಹಾಗೆ ಮಾಡಿದ. ಟೇಪ್ ನಿಲ್ಲಿಸಿದ ಕೂಡಲೇ ನಾನು, "ಆ ಜಾಗ ನಿಂದಽ ನೋಡಪಾ," ಎಂದೆ.

"ಸಮಾಧಾನ ಹೇಳಬಾರದು," ಎಂದ ಅವನು.

"ಸಮಾಧಾನ ಅಲ್ಲೋ, ಖರೇ."

ಮರುದಿನ ಸಂಜೆ ಅವನು ಕೆಲಸದಿಂದ ಬಂದ ಮೇಲೆ ಹಳೇ ಕ್ಯಾಸೆಟ್ ಹಾಕಿದೆವು. ಕೂಡ್ರಿ, ನಿಂದರ್ರಿ, ಅವ್ವನ ಚಹಾ, ಎಲ್ಲ ಬಂತು. ಅವ್ವನೂ ಬಂದು ಹೊಸ್ತಿಲ ಮೇಲೆ ಕೂತಳು. ಮೂವರೂ ನಕ್ಕೆವು. ಆಮೇಲೆ ಹೊಸದನ್ನು ಹಾಕಿದೆವು.

ಮೊದಲ ಮಾತು ನನ್ನದು. ಎರಡನೆಯದು ಅವನದು. ಅವನ ಮಾತು ಬಂದ ಕೂಡಲೇ ಅವ್ವ, "ಸೆಲ್ ಮುಗದಾವೇನ?" ಎಂದಳು. ನನಗೂ ಅದೇ ಅನ್ನಿಸಿತ್ತು. ಸೆಲ್ ಇಳಿದಾಗ ಟೇಪ್ ನಿಧಾನ ತಿರುಗಿ ಧ್ವನಿ ಎಳೆಯುತ್ತದಲ್ಲ, ಹಾಗಿತ್ತು. ತಮ್ಮ ಎದ್ದು ಹೋಗಿ ಕೆಳಗಿನ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದ. ಮತ್ತೆ ಮೊದಲಿನಿಂದ.

"ಏನ್ರೀ, ಕಣ್ಣು ಮುಚ್ಚಿ ಸಾಮಾನು ಕೊಡ್ತೀರೇನು ನೀವು?"

ನನ್ನ ಧ್ವನಿ ಚುರುಕಾಗಿ, ಹಳೇ ಕ್ಯಾಸೆಟ್ಟಿನಲ್ಲಿದ್ದ ಹಾಗೇ ಬಂತು. ಅದರ ಬೆನ್ನಿಗೆ ಬಂದದ್ದು ಎಳೆದ, ಮೂಗಿನಲ್ಲಿ ಸೋರಿಹೋಗುತ್ತಿದ್ದ ಮಾತು. ಕ್ಲಚ್ ಎಂಬುದರಲ್ಲಿ ಲಕಾರವಿರಲಿಲ್ಲ. ಕೇಬಲ್ ಎಂಬುದು ಎಲ್ಲೋ ಕೆಸರಿನಲ್ಲಿ ಹೂತ ಹಾಗಿತ್ತು. ಮತ್ತೆ ನಾನು, ಚುರುಕು. ಮತ್ತೆ ಅವನು.

ಒಂದೇ ಕ್ಯಾಸೆಟ್, ಒಂದೇ ಯಂತ್ರ, ಒಂದೇ ವೇಗ. ಸೆಲ್ಲಿನದಾಗಿದ್ದರೆ ನನ್ನ ಧ್ವನಿಯೂ ಎಳೆಯಬೇಕಿತ್ತು.

ಇದು ಮೂವರಿಗೂ ಒಟ್ಟಿಗೆ ಹೊಳೆಯಿತು. ಯಾರೂ ನಿಲ್ಲಿಸಲಿಲ್ಲ. ನಿಲ್ಲಿಸದೆ ಕೇಳಬೇಕೆಂಬ ಕ್ರಮಕ್ಕೆ ಕೈ ಅಷ್ಟು ಒಗ್ಗಿಹೋಗಿತ್ತು. ಕನ್ನಡ ನಾಲಗೆ ಎಂದು ಹೇಳಲು ಅದು ಮರಾಠಿ ಆಗಿರಲಿಲ್ಲ. ಸಾಹೇಬನಾಗಿದ್ದಾನೆ ಎಂದು ನಗಲು ಅದು ಇಂಗ್ಲಿಷ್ ಆಗಿರಲಿಲ್ಲ. ನಮ್ಮ ಮನೆಯ ಮಾತು, ನಾವೇ ಆಡಿದ್ದು, ಗಣಪತಿ ಹಬ್ಬದ ಮಗ್ಗುಲಲ್ಲಿ ಹಾಗಿದ್ದದ್ದು ಈಗ ಹೀಗಾಗಿತ್ತು. ಟೇಪ್ ತಾನಾಗಿಯೇ ಟಕ್ ಎಂದು ನಿಂತಿತು.

ಅವ್ವ, "ಹಲ್ಲು ನೋವೇನೋ?" ಎಂದಳು. ತಮ್ಮ ತಲೆ ಅಲ್ಲಾಡಿಸಿದ. ನನ್ನನ್ನು ನೋಡಿ ಕೇಳಿದ, "ಅಕ್ಕಾ, ಕಿವಿಗಿ ಬಿದ್ದದ್ದು ಹೇಳು."

ನನ್ನಿಂದ ಆಗಲಿಲ್ಲ. ಮೊದಲ ಸಲ ನಾನು ಆ ಕ್ರಮ ಮುರಿದೆ.

ಮರುದಿನ ಎರಡೂ ಕ್ಯಾಸೆಟ್ ಬಾಯಿಯ ಮನೆಗೆ ಒಯ್ದೆವು. ಅವರಿಗೆ ಕನ್ನಡ ಒಂದಕ್ಷರ ಬರದು. ಕಣ್ಣು ಮುಚ್ಚಿ ಕೇಳಿದರು, ಎರಡೂ ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ಅರ್ಥ ತಿಳಿಯದವರಿಗೆ ಶಬ್ದ ಮಾತ್ರ ಕೇಳುತ್ತದೆ. "ಇಷ್ಟು ದಿನ ನಾನು ಇವನ ಮರಾಠಿ ಕೇಳಿದೆ, ಇವನನ್ನು ಕೇಳಲಿಲ್ಲ," ಎಂದು ಮೆಲ್ಲಗೆ ಹೇಳಿ, ಕ್ಲಾಸಿಗೆ ಬರುವುದು ಬೇಡ, ಮೊದಲು ದವಾಖಾನೆಗೆ ಹೋಗಿ ಎಂದರು. ಹೋಗುವಾಗ ಕ್ಯಾಸೆಟ್ ಮರೆಯಬೇಡಿ ಎಂದೂ ಹೇಳಿದರು.

ಒಬ್ಬ ಡಾಕ್ಟರು ಗಂಟಲು ನೋಡಿ ಇನ್ನೊಬ್ಬರ ಕಡೆ ಕಳಿಸಿದರು. ಅವರು ನರಗಳ ಡಾಕ್ಟರು. ಕ್ಯಾಸೆಟ್ ಕೇಳಿ, ಇಂಥದ್ದನ್ನು ಯಾರೂ ತಂದು ಕೊಟ್ಟಿರಲಿಲ್ಲ ಎಂದರು. ಆಮೇಲೆ ಬಾಯಿ ತೆರೆಸಿ, ನಾಲಗೆ ಹೊರಗೆ ಚಾಚದೆ ಒಳಗೇ ಸುಮ್ಮನೆ ಇಡಲು ಹೇಳಿ ಬ್ಯಾಟರಿ ಬೆಳಕು ಬಿಟ್ಟರು. ನಾನೂ ಬಗ್ಗಿ ನೋಡಿದೆ. ನಾಲಗೆ ಸುಮ್ಮನಿರಲಿಲ್ಲ. ಅದರ ಮೈಯೆಲ್ಲ, ನಿಂತ ನೀರಿನ ಮೇಲೆ ಗಾಳಿ ಹೋದ ಹಾಗೆ, ಅಲ್ಲಲ್ಲಿ ಮಿಡುಕುತ್ತಿತ್ತು. ತಮ್ಮನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನಾಲಗೆ ಇದೆ, ಇನ್ನೇನು ಬೇಕು ಎಂದು ಅವ್ವ ಅಂದು ಅಂದದ್ದು ಈ ನಾಲಗೆಯ ಬಗ್ಗೆಯೇ.

ಸೂಜಿ ಚುಚ್ಚಿ ಮಾಡುವ ಪರೀಕ್ಷೆ, ತಲೆಯ ಫೋಟೊ, ರಕ್ತ, ಎಲ್ಲ ಆಯಿತು. ಸ್ನಾಯುವಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸೊರಗುವ ರೋಗ ಅದು. ಇವನಿಗೆ ನಾಲಗೆ, ಗಂಟಲಿನಿಂದ ಶುರುವಾಗಿತ್ತು. ಬುದ್ಧಿ ಚೆನ್ನಾಗಿರುತ್ತದೆ, ಮಾತು ಹೋಗುತ್ತದೆ, ನುಂಗುವುದು ಕಷ್ಟವಾಗುತ್ತದೆ, ಮುಂದೆ ಕೈಕಾಲಿಗೂ ಉಸಿರಿಗೂ ಬರುತ್ತದೆ. ಔಷಧ ಸ್ವಲ್ಪ ತಡೆಯಬಹುದು, ನಿಲ್ಲಿಸಲಾರದು. ಡಾಕ್ಟರು ಇದನ್ನು ಮರಾಠಿಯಲ್ಲಿ, ಅವಸರವಿಲ್ಲದೆ ಹೇಳಿದರು. ತಮ್ಮ ಪೂರ್ತಿ ಕೇಳಿದ, ನಡುವೆ ನುಗ್ಗಲಿಲ್ಲ. ಕೊನೆಗೆ ಒಂದೇ ಕೇಳಿದ: ಮಾತು ಎಷ್ಟು ತಿಂಗಳು ಇರುತ್ತದೆ? ಹೇಳಲಾಗದು ಎಂದರು.

ಹೊರಗೆ ಬಂದು ರಿಕ್ಷಾಕ್ಕೆ ಕಾಯುತ್ತ ನಿಂತಾಗ ಅವನು, "ಸಂಕ್ರಾಂತಿ ಮುಂದ ಹೋಗ್ಯದ ಅಕ್ಕಾ," ಎಂದ.

"ಏನು?"

"ಮಾಲಕರ ಪರೀಕ್ಷಾ. ಶೋರೂಮಿನ ಕೆಲಸ ಮುಗದಿಲ್ಲಂತ. ಫೆಬ್ರುವರಿಗೆ. ತಯಾರಿ ಮಾಡೋಣು."

ನಾನು ಅವನ ಮುಖ ನೋಡಿದೆ. ಹುಚ್ಚು ಹಿಡಿಯಿತೇ ಅನ್ನಿಸಿತು. "ಈಗ್ಯಾಕೋ ಅದು?"

"ಈಗಽ," ಎಂದ. "ಆಮ್ಯಾಲೆ ಹೆಂಗ?"

ಹಾಗಾಗಿ ಜನವರಿಯೆಲ್ಲ ಮತ್ತೆ ಮಷಿನ್ನಿನ ಮುಂದೆ ಕೂತೆವು. ಈಗ ತಿದ್ದಬೇಕಾದದ್ದು ಬೇರೆಯಾಗಿತ್ತು. ಬೆಳಗ್ಗೆ ಅವನ ಮಾತು ತಿಳಿಯುತ್ತಿತ್ತು, ಸಂಜೆ ದಣಿದು ಕರಗುತ್ತಿತ್ತು. ಟೇಪ್ ಕೇಳಿ ಕೇಳಿ ಅದು ಗೊತ್ತಾಯಿತು. ಹಾಗಾಗಿ ಮಾಲಕರ ಹತ್ತಿರ ಬೆಳಗಿನ ಹೊತ್ತನ್ನೇ ಕೇಳಿಕೊಂಡ. ಉದ್ದ ವಾಕ್ಯದ ಬಾಲ ತಿಳಿಯುತ್ತಿರಲಿಲ್ಲ. ಆದ್ದರಿಂದ ವಾಕ್ಯ ಚಿಕ್ಕದಾಯಿತು, ಮುಖ್ಯವಾದ ಮಾತು ಮೊದಲು ಬಂತು. ಕೇಬಲ್ಲಿನ ಹೆಸರು ಹೇಳುವಾಗ ಕೇಬಲ್ಲನ್ನೇ ಎತ್ತಿ ತೋರಿಸುವುದು. ಎಲ್ಲಕ್ಕಿಂತ ಮೊದಲ ವಾಕ್ಯ. ರೋಗವನ್ನು ಮುಚ್ಚಿಡುವ ನಾಲ್ಕು ಬಗೆಯ ವಾಕ್ಯ ಹೇಳಿ ನೋಡಿದೆವು. ಕೇಳುವಾಗ ಅವೆಲ್ಲ ಸುಳ್ಳು ಎಂದು ಟೇಪೇ ಹೇಳುತ್ತಿತ್ತು. ಕೊನೆಗೆ ಅವನು ಇದ್ದದ್ದನ್ನೇ ಇಟ್ಟುಕೊಂಡ: "ನನಗೆ ನಾಲಗೆಯ ರೋಗವಿದೆ. ಮಾತು ನಿಧಾನ. ತಿಳಿಯದಿದ್ದರೆ ಮತ್ತೆ ಕೇಳಿ, ನನಗೆ ಬೇಸರವಿಲ್ಲ."

ಆ ದಿನ ನಾನೂ ಜೊತೆಗೆ ಹೋದೆ. ಬಣ್ಣದ ವಾಸನೆ ಇನ್ನೂ ಹೋಗಿರದ ಶೋರೂಮು. ಮಾಲಕರ ಕೋಣೆಗೆ ಗಾಜಿನ ಬಾಗಿಲು, ಅದು ತೆರೆದೇ ಇತ್ತು. ನಾನು ಹೊರಗೆ ಸ್ಟೂಲಿನ ಮೇಲೆ ಕೂತೆ. ತಮ್ಮ ಒಳಗೆ ಹೋಗಿ ನಮಸ್ಕಾರ ಎಂದನಷ್ಟೇ. ಮಾಲಕರು ಕೈಯೆತ್ತಿ ತಡೆದರು.

"ಮೊದಲು ನಾನು ಮಾತಾಡುತ್ತೇನೆ," ಎಂದರು ಮರಾಠಿಯಲ್ಲಿ. "ಎಷ್ಟು ದಿನದಿಂದ ಕುಡಿಯುತ್ತಿದ್ದೀ? ನಾಲ್ಕು ಗಿರಾಕಿಗಳು ಹೇಳಿದ್ದಾರೆ. ಬೆಳಗ್ಗೆಯೇ ಬಾಯಿ ತೊದಲುತ್ತದೆ ಅಂತ. ನಿನ್ನಂಥವನು! ನಾನು ನಂಬಿರಲಿಲ್ಲ. ಮೊನ್ನೆ ನಾನೇ ಕೇಳಿಸಿಕೊಂಡೆ."

ಸ್ಟೂಲಿನಿಂದ ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ. ಎಂದೂ ಬೀಡಿ ಸಹ ಮುಟ್ಟದವನು. ನಾವು ನೂರು ಬಗೆಯ ಸಿಟ್ಟಿನ ಗಿರಾಕಿಗಳನ್ನು ಆಡಿದ್ದೆವು, ಇದನ್ನು ಆಡಿರಲಿಲ್ಲ. ಊರೆಲ್ಲ ಅವನನ್ನು ಹಾಗೆ ಕೇಳುತ್ತಿತ್ತು. ನಮಗೆ ಅದು ಹೊಳೆದೂ ಇರಲಿಲ್ಲ.

ತಮ್ಮ ನನ್ನ ಕಡೆ ನೋಡಲಿಲ್ಲ. ಮಾಲಕರು ಮುಗಿಸುವವರೆಗೂ ನಿಂತ. ಆಮೇಲೆ ಕುರ್ಚಿ ಎಳೆದು ಕೂತು ಆ ಮೊದಲ ವಾಕ್ಯ ಹೇಳಿದ. ಮಾಲಕರು "ಕಾಯ?" ಎಂದರು. ಮತ್ತೆ ಹೇಳಿದ. ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಇಟ್ಟ. ಮಾಲಕರು ಅದನ್ನು ಓದುತ್ತ ಹಣೆ ಒರೆಸಿಕೊಂಡರು.

"ಅರೆ, ಮೊದಲೇ ಹೇಳಬಾರದಿತ್ತೇ?"

"ನನಗೇ ಗೊತ್ತಿರಲಿಲ್ಲ," ಎಂದ ತಮ್ಮ. "ಈಗ ನೀವು ಗಿರಾಕಿ. ಕೇಳಿ."

ಮಾಲಕರು ಬೇಡ ಎಂದರು. ಇವನು ಬಿಡಲಿಲ್ಲ. ಕೊನೆಗೆ ಮಾಲಕರು ಅರೆಮನಸ್ಸಿನಿಂದ, ನನ್ನ ಗಾಡಿ ಇಳಿಜಾರಿನಲ್ಲಿ ನಿಲ್ಲುವುದಿಲ್ಲ ಎಂದರು. ತಮ್ಮ ಎದ್ದು ಹೊರಗೆ ಬಂದು ಬ್ರೇಕ್ ಶೂ ಒಯ್ದು ಮೇಜಿನ ಮೇಲಿಟ್ಟ. ಹಳೆಯದನ್ನು ತಂದಿದ್ದೀರಾ, ಯಾವ ಮಾಡೆಲ್, ಮುಂದಿನದೋ ಹಿಂದಿನದೋ ಎಂದು ಒಂದೊಂದೇ ಕೇಳಿದ. ನಡುವೆ ಮಾಲಕರು ಮೂರು ಸಲ ಮತ್ತೆ ಹೇಳಿಸಿದರು. ಅವನು ಮೂರು ಸಲವೂ ಅದೇ ಮುಖದಲ್ಲಿ ಹೇಳಿದ.

ಜಾಗ ಸಿಕ್ಕಿತು. ಕೌಂಟರ್ ಅವನದು, ಫೋನ್ ಎತ್ತಲು ಪಕ್ಕಕ್ಕೆ ಇನ್ನೊಬ್ಬ. ಎಷ್ಟು ದಿನ ಆಗುತ್ತದೋ ಅಷ್ಟು ದಿನ ನಿಲ್ಲು ಎಂದು ಮಾಲಕರು ಹೇಳಿದರು. ಹಿಂದಿರುಗುವ ಬಸ್ಸಿನಲ್ಲಿ ಅವನು ಮಾತಾಡಲಿಲ್ಲ, ಮಾತು ಮುಗಿದಿತ್ತು. ನಾನು ಮಾತ್ರ, "ಕುಡಕ ಅಂದ್ರಲ್ಲೋ," ಎಂದು ದಾರಿಯುದ್ದಕ್ಕೂ ಅದನ್ನೇ ಹೇಳುತ್ತ ಬಂದೆ.

ಮಳೆಗಾಲದವರೆಗೆ ಕೌಂಟರಿನಲ್ಲಿ ನಿಂತ. ದಸರೆಯ ಹೊತ್ತಿಗೆ ಮಾತು ಪೂರಾ ಹೋಯಿತು. ಆ ಮೇಲೆ ಪಾಟಿ ಬಳಪ. ಅವನ ಪರವಾಗಿ ಡಾಕ್ಟರಿಗೆ, ಬ್ಯಾಂಕಿಗೆ, ನೆಂಟರಿಗೆ ಫೋನ್ ಮಾಡುವುದು ನನ್ನ ಪಾಲಿಗೆ ಬಂತು. ನನ್ನ ಮರಾಠಿ ಅಂಗಡಿಬೀದಿಯದು. ಅವನು ಟೇಪ್ ಮುಂದಿಟ್ಟು ಫೋನಿನ ಮಾತನ್ನು ಮೊದಲು ನನ್ನಿಂದ ಆಡಿಸುತ್ತಿದ್ದ, ಮರುದಿನ ಕೇಳಿಸಿ ಪಾಟಿಯ ಮೇಲೆ ಒಂದೇ ಒಂದು ತಪ್ಪು ಬರೆಯುತ್ತಿದ್ದ. "ಭಾಳ ಕ್ಷಮಾ ಕೇಳ್ತಿ." "ಕೆಲಸ ಮೊದಲ ಹೇಳು, ಕಥಿ ಆಮ್ಯಾಲೆ." ಬೈಯುವುದರಲ್ಲೂ ಅವನ ಬಳಪಕ್ಕೆ ನಾಚಿಕೆಯಿರಲಿಲ್ಲ.

ಬೆರಳಿನಲ್ಲಿ ಬಳಪ ನಿಲ್ಲುವುದು ಕಷ್ಟವಾಗತೊಡಗಿದಾಗ, ಒಂದು ಮಧ್ಯಾಹ್ನ ಅವ್ವ ಮಲಗಿದ್ದ ಹೊತ್ತಿನಲ್ಲಿ, ಪಾಟಿ ನನ್ನ ಕಡೆ ಸರಿಸಿದ. ವಕ್ರ ವಕ್ರ ಅಕ್ಷರ. "ಪ್ರಸಂಗ: ನಾ ಹೋಗೇನಿ. ಗದಗಿನ ಮೌಶಿಗಿ ಫೋನ್."

ಮೌಶಿ ಅಂದರೆ ಅವ್ವನ ತಂಗಿ. ನಮ್ಮ ಕಡೆಯ ಎಲ್ಲ ಸುದ್ದಿಯೂ ಅವಳಿಂದ ಹಂಚಿಕೆಯಾಗುತ್ತಿತ್ತು. ನಾನು ಪಾಟಿಯನ್ನು ಒರೆಸಿಬಿಟ್ಟೆ. "ಒಲ್ಲೆ. ಹುಚ್ಚಽ ನೀನು," ಎಂದೆ. ಅವನು ಮತ್ತೆ ಅದನ್ನೇ ಬರೆದ, ಹೆಚ್ಚು ಹೊತ್ತು ಹಿಡಿದು. ಅದಕ್ಕೆ ಬೇಕಾದ ಶ್ರಮ ನೋಡಲಾಗದೆ ನಾನು ಟೇಪ್ ಒತ್ತಿದೆ.

ಮೊದಲ ಸಲ ಹಲೋ ಎಂದವಳು ಮುಂದೆ ಹೋಗಲಿಲ್ಲ. ಎರಡನೇ ಸಲ ಮೌಶಿಯ ಮನೆಯವರ ಆರೋಗ್ಯ ವಿಚಾರಿಸುತ್ತ ಉಳಿದೆ. ಅವನು ಮೌಶಿಯಾಗಿ ಪಾಟಿಯಲ್ಲಿ ಉತ್ತರ ಕೊಡುತ್ತಿದ್ದ: ಅಯ್ಯ ಶಿವನೇ. ಯಾವಾಗ. ಅಂತ್ಯಕ್ರಿಯಾ ಎಷ್ಟೊತ್ತಿಗೆ. ಮೂರನೇ ಸಲ ಹೇಗೋ ಹೇಳಿದೆ. ಮರುದಿನ ಇಬ್ಬರೂ ಕೂತು ಅದನ್ನು ಕೇಳಿದೆವು. ತನ್ನ ಸಾವಿನ ಸುದ್ದಿಯನ್ನು ಅವನು ತಲೆ ಓರೆ ಮಾಡಿ, ಎಲ್ಲ ಕ್ಯಾಸೆಟ್ ಕೇಳುವ ಹಾಗೇ ಕೇಳಿದ. ಆಮೇಲೆ ಬರೆದ: "ಅಳು ಬಂದ್ರ ಬರಲಿ. ಯಾರು ಮಾತಾಡೂದು ಅಂತ ಮೊದಲ ಹೇಳು."

ಅವನು ಹೋದದ್ದು ಬೆಳಗಿನ ಹೊತ್ತು. ನೆರೆಯವರು ಅವ್ವನ ಹತ್ತಿರ ಕೂತಿದ್ದರು. ನಾನು ಫೋನ್ ತಿರುಗಿಸಿದೆ. ಯಾರು ಮಾತಾಡುವುದೆಂದು ಮೊದಲು ಹೇಳಿದೆ, ಎಲ್ಲಿಂದ ಎಂದು ಹೇಳಿದೆ, ಆಮೇಲೆ ಆ ಮಾತು ಹೇಳಿದೆ. ಧ್ವನಿ ಎಲ್ಲಿಯೂ ತಡೆಯಲಿಲ್ಲ. ಅಷ್ಟು ಸ್ಪಷ್ಟವಾಗಿ ಅದು ನನ್ನ ಬಾಯಿಂದ ಬಂದದ್ದು ಕೇಳಿ ನಾನೇ ಬೆಚ್ಚಿದೆ.

ಮೌಶಿ ಅಯ್ಯ ಶಿವನೇ ಎನ್ನಲಿಲ್ಲ. ಯಾವಾಗ ಎನ್ನಲಿಲ್ಲ. ಕೇಳಿದ್ದು ಒಂದೇ, "ನೀ ಮುಂಜಾನಿಂದ ಏನರ ತಿಂದೀ ಇಲ್ಲ, ಮಗಳ?"

ಇದನ್ನು ಅವನು ಪಾಟಿಯ ಮೇಲೆ ಬರೆದಿರಲಿಲ್ಲ. ಫೋನ್ ಹಿಡಿದುಕೊಂಡೇ ನೆಲಕ್ಕೆ ಕೂತೆ, ಮೌಶಿ ಹಲೋ ಹಲೋ ಎನ್ನುತ್ತಿದ್ದಳು.